ನಷ್ಟದ ಲೆಕ್ಕ ಮೊದಲು: ಸ್ಪ್ರೆಡ್ ವಹಿವಾಟಿಗೆ ಅನುಮತಿ ಕೋರುವ ಪತ್ರ

ಅಮೆರಿಕದಲ್ಲಿ ಷೇರು ಖಾತೆ ತೆರೆಯುವುದು ಕೆಲವು ನಿಮಿಷಗಳ ಕೆಲಸ. ಅದೇ ಖಾತೆಯಲ್ಲಿ ಆಪ್ಷನ್ ವಹಿವಾಟು ಮಾಡಲು ಬೇರೆಯೇ ಅನುಮತಿ ಬೇಕು. ಆ ಅನುಮತಿಯೂ ಒಂದೇ ಸಲಕ್ಕೆ ಪೂರ್ತಿಯಾಗಿ ಸಿಗುವುದಿಲ್ಲ, ಹಂತಹಂತವಾಗಿ ಸಿಗುತ್ತದೆ. ಕೈಯಲ್ಲಿರುವ ಷೇರಿನ ಮೇಲೆ ಕಾಲ್ ಮಾರುವುದು, ಪೂರ್ತಿ ಹಣ ಖಾತೆಯಲ್ಲಿಟ್ಟು ಪುಟ್ ಮಾರುವುದು, ಬರೀ ಕಾಲ್ ಅಥವಾ ಪುಟ್ ಕೊಳ್ಳುವುದು ಸಾಮಾನ್ಯವಾಗಿ ಕೆಳಗಿನ ಹಂತಗಳಲ್ಲಿ ಬರುತ್ತವೆ. ಅವುಗಳ ಮೇಲಿನ ಹಂತ ಸ್ಪ್ರೆಡ್. ಯಾವ ರಕ್ಷಣೆಯೂ ಇಲ್ಲದೆ ಆಪ್ಷನ್ ಮಾರುವುದಕ್ಕೆ ಎಲ್ಲಕ್ಕಿಂತ ಮೇಲಿನ ಹಂತದ ಅನುಮತಿ ಬೇಕು. ಹಂತಗಳ ಸಂಖ್ಯೆ ಮತ್ತು ಹೆಸರು ಬ್ರೋಕರ್‌ನಿಂದ ಬ್ರೋಕರ್‌ಗೆ ಬೇರೆಯಾದರೂ ಏಣಿಯ ಕ್ರಮ ಹೆಚ್ಚುಕಡಿಮೆ ಇದೇ.

ಕೆಳಗಿನ ಹಂತದಲ್ಲಿ ಒಂದೆರಡು ವರ್ಷ ವಹಿವಾಟು ಮಾಡಿದವರು ಸ್ಪ್ರೆಡ್‌ಗೆ ಅರ್ಜಿ ಹಾಕುತ್ತಾರೆ. ಆನ್‌ಲೈನ್ ಫಾರಂ ತುಂಬಿದ ಮೇಲೆ ಕೆಲವರಿಗೆ ಅನುಮತಿ ಸಿಗುತ್ತದೆ, ಕೆಲವರಿಗೆ 'ಸದ್ಯಕ್ಕೆ ಸಾಧ್ಯವಿಲ್ಲ' ಎಂಬ ಉತ್ತರ ಬರುತ್ತದೆ. ಆಗ ಬ್ರೋಕರ್ ಸಂಸ್ಥೆಯ ಆಪ್ಷನ್ ವಿಭಾಗಕ್ಕೆ ಪತ್ರ ಬರೆದು, ತನ್ನ ಅನುಭವವೇನು, ಉದ್ದೇಶವೇನು ಎಂದು ತಿಳಿಸಿ ಮರುಪರಿಶೀಲನೆ ಕೇಳಬಹುದು. ಅಮೆರಿಕದಲ್ಲಿ ನೆಲೆಸಿ ಉಳಿತಾಯದ ಒಂದು ಭಾಗವನ್ನು ಮಾರುಕಟ್ಟೆಯಲ್ಲಿಟ್ಟಿರುವ ಕನ್ನಡಿಗರಿಗೂ ಈ ಸಂದರ್ಭ ಎದುರಾಗಬಹುದು. ಇಂಥ ಪತ್ರದಲ್ಲಿ ಲಾಭದ ಮಾತಿಗಿಂತ ನಷ್ಟದ ಲೆಕ್ಕಕ್ಕೇ ಹೆಚ್ಚು ಜಾಗ ಸಲ್ಲಬೇಕು. ಏಕೆಂಬುದು ತಿಳಿಯಬೇಕಾದರೆ ಪತ್ರವನ್ನು ಓದುವವರು ಯಾರು ಎಂಬುದರಿಂದ ಆರಂಭಿಸಬೇಕು.

ಆ ಕಡೆ ಕುಳಿತು ಓದುವವರು

ಅಮೆರಿಕದ ಬ್ರೋಕರ್ ಸಂಸ್ಥೆಗಳ ಮೇಲೆ ನಿಗಾ ಇಡುವ ಸಂಸ್ಥೆ ಫಿನ್ರಾ. ಅದರ 2360ನೇ ನಿಯಮದ ಪ್ರಕಾರ ಗ್ರಾಹಕರ ಖಾತೆಯನ್ನು ಆಪ್ಷನ್ ವಹಿವಾಟಿಗೆ ಒಪ್ಪುವ ಅಥವಾ ಒಪ್ಪದಿರುವ ನಿರ್ಧಾರ, ಅದಕ್ಕಾಗಿ ಅರ್ಹತೆ ಪಡೆದ ಅಧಿಕಾರಿಯ ಹೊಣೆ. ಇವರನ್ನು ರಿಜಿಸ್ಟರ್ಡ್ ಆಪ್ಷನ್ಸ್ ಪ್ರಿನ್ಸಿಪಾಲ್ ಎನ್ನುತ್ತಾರೆ. ಗ್ರಾಹಕರ ಹಣಕಾಸಿನ ಸ್ಥಿತಿ ಮತ್ತು ಹೂಡಿಕೆಯ ಉದ್ದೇಶಗಳನ್ನು ಶ್ರದ್ಧೆಯಿಂದ ವಿಚಾರಿಸಿ ತಿಳಿದುಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ವಯಸ್ಸು, ಉದ್ಯೋಗ, ವಾರ್ಷಿಕ ಆದಾಯ, ವಾಸದ ಮನೆ ಬಿಟ್ಟು ಉಳಿದ ಆಸ್ತಿಯ ಮೌಲ್ಯ, ಅದರಲ್ಲಿ ಬೇಗ ನಗದಾಗಿಸಬಹುದಾದದ್ದು ಎಷ್ಟು, ಅವಲಂಬಿತರು ಎಷ್ಟು ಜನ ಎಂಬುದನ್ನೆಲ್ಲ ಕೇಳುತ್ತಾರೆ. ಷೇರು ಮತ್ತು ಆಪ್ಷನ್‌ಗಳಲ್ಲಿ ಎಷ್ಟು ವರ್ಷಗಳ ಅನುಭವ, ಎಷ್ಟು ದೊಡ್ಡ ವಹಿವಾಟು, ಎಷ್ಟು ಸಲ, ಯಾವ ಬಗೆಯದು ಎಂಬ ಪ್ರಶ್ನೆಗಳೂ ಇರುತ್ತವೆ. ಆಪ್ಷನ್‌ಗಳ ಸ್ವರೂಪ ಮತ್ತು ಅಪಾಯಗಳನ್ನು ವಿವರಿಸುವ ಕೈಪಿಡಿಯೊಂದನ್ನು ಅನುಮತಿ ಕೊಡುವಾಗಲೋ ಅದಕ್ಕೂ ಮುಂಚೆಯೋ ಗ್ರಾಹಕರಿಗೆ ತಲುಪಿಸಬೇಕು.

ಈ ಅಧಿಕಾರಿ ಹುಡುಕುವುದು ಉತ್ತರಗಳ ನಡುವಿನ ಹೊಂದಾಣಿಕೆಯನ್ನು. ಫಾರಂನಲ್ಲಿ ಉದ್ದೇಶ 'ಅಸಲಿನ ಸುರಕ್ಷತೆ' ಎಂದು ಗುರುತು ಹಾಕಿ, ಕೆಳಗೆ ಸ್ಪ್ರೆಡ್‌ಗೆ ಅನುಮತಿ ಕೇಳಿದ್ದರೆ ಅಲ್ಲೇ ತೊಡಕು. ಸ್ಪ್ರೆಡ್‌ನಲ್ಲಿ ಹಾಕಿದ ಹಣ ಪೂರ್ತಿ ಹೋಗಬಹುದು, ಅದನ್ನು ಅಸಲಿನ ಸುರಕ್ಷತೆ ಎಂದು ಕರೆಯಲಾಗದು. ಐದು ವರ್ಷಗಳ ಆಪ್ಷನ್ ಅನುಭವ ಎಂದು ಬರೆದು, ಅದೇ ಬ್ರೋಕರ್ ಬಳಿಯಿರುವ ಹಳೆಯ ಖಾತೆಯಲ್ಲಿ ಒಂದೂ ಆಪ್ಷನ್ ವಹಿವಾಟು ಕಾಣದಿದ್ದರೆ ಅದೂ ತೊಡಕೇ.

ಈ ಹೊಂದಾಣಿಕೆ ನೋಡದೆ ಅನುಮತಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾರ್ವಜನಿಕ ದಾಖಲೆಯಿದೆ. 2021ರ ಜೂನ್‌ನಲ್ಲಿ ರಾಬಿನ್‌ಹುಡ್ ಸಂಸ್ಥೆಗೆ ಫಿನ್ರಾ 5.7 ಕೋಟಿ ಡಾಲರ್ ದಂಡ ವಿಧಿಸಿತು, ಗ್ರಾಹಕರಿಗೆ ಸುಮಾರು 1.26 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದೂ ಆದೇಶಿಸಿತು. ಹಲವು ಆರೋಪಗಳಲ್ಲಿ ಒಂದು ಆಪ್ಷನ್ ಅನುಮತಿಗೆ ಸಂಬಂಧಿಸಿದ್ದು. ಮನುಷ್ಯರ ಪರಿಶೀಲನೆ ತೀರಾ ಕಡಿಮೆಯಿದ್ದು, ಸ್ವಯಂಚಾಲಿತ ವ್ಯವಸ್ಥೆ ಪರಸ್ಪರ ಹೊಂದದ ಉತ್ತರಗಳನ್ನೂ ಒಪ್ಪಿಬಿಟ್ಟಿತ್ತು. 21 ವರ್ಷ ತುಂಬದವರು ಮೂರು ವರ್ಷಕ್ಕೂ ಹೆಚ್ಚಿನ ಆಪ್ಷನ್ ಅನುಭವವಿದೆ ಎಂದು ಬರೆದಿದ್ದರೂ ಅನುಮತಿ ಸಿಕ್ಕಿತ್ತು. 18 ತುಂಬದೆ ಸ್ವಂತ ಖಾತೆಯನ್ನೇ ತೆರೆಯಲಾಗದು ಎಂಬ ಸರಳ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ಅದೇ ದಾಖಲೆಯಲ್ಲಿ ಅತ್ಯಂತ ನೋವಿನ ಸಂಗತಿಯೊಂದಿದೆ. 2020ರ ಜೂನ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ. ಅವನು ಮಾಡಿದ್ದು ಆಪ್ಷನ್ ಸ್ಪ್ರೆಡ್ ವಹಿವಾಟು. ಪರದೆಯ ಮೇಲೆ ಅವನಿಗೆ ಕಂಡದ್ದು ಏಳು ಲಕ್ಷ ಡಾಲರ್‌ಗೂ ಹೆಚ್ಚಿನ ಋಣ. ಆ ಅಂಕಿ ತಪ್ಪಾಗಿತ್ತು, ಅದು ಅವನ ನಿಜವಾದ ನಷ್ಟವೂ ಆಗಿರಲಿಲ್ಲ. ಆದರೆ ಅದನ್ನು ವಿವರಿಸಿ ಹೇಳುವವರು ಆ ಹೊತ್ತಿನಲ್ಲಿ ಸಿಗಲಿಲ್ಲ. ಸ್ಪ್ರೆಡ್‌ನ ನಷ್ಟಕ್ಕೆ ಮಿತಿಯಿದೆ ಎಂದು ತಿಳಿದಿದ್ದರೆ ಸಾಲದು. ಆ ಮಿತಿಯನ್ನು ತಲುಪುವ ದಾರಿಯಲ್ಲಿ ಪರದೆಯ ಮೇಲೆ ಏನೇನು ಕಾಣಿಸಬಹುದು ಎಂಬುದೂ ಮೊದಲೇ ಗೊತ್ತಿರಬೇಕು. ಬ್ರೋಕರ್‌ಗೆ ಬರೆಯುವ ಪತ್ರ ಆ ಅರಿವನ್ನು ತಾನೇ ಪರೀಕ್ಷಿಸಿಕೊಳ್ಳುವ ಜಾಗ.

ಸ್ಪ್ರೆಡ್ ಎಂದರೆ ಏನು

ಪುಟ್ ಮಾರುವವರು ಒಂದು ರೀತಿಯಲ್ಲಿ ವಿಮೆ ಕೊಡುವವರು. 'ಷೇರಿನ ಬೆಲೆ ಎಷ್ಟೇ ಬೀಳಲಿ, ನಿಗದಿತ ಬೆಲೆಗೆ ನಾನು ಕೊಳ್ಳುತ್ತೇನೆ' ಎಂದು ಮಾತು ಕೊಟ್ಟು, ಅದಕ್ಕೆ ಪ್ರತಿಯಾಗಿ ಪ್ರೀಮಿಯಂ ಪಡೆಯುತ್ತಾರೆ. ಅದೇ ಷೇರಿನ ಮೇಲೆ, ಅದೇ ಎಕ್ಸ್‌ಪೈರಿಗೆ, ಇನ್ನೂ ಕೆಳಗಿನ ಬೆಲೆಯ ಪುಟ್ ಒಂದನ್ನು ತಾವೂ ಕೊಂಡಿಟ್ಟುಕೊಂಡರೆ ನಷ್ಟಕ್ಕೆ ಒಂದು ತಳ ಸಿಗುತ್ತದೆ. ಮಾರಿದ್ದು ಒಂದು, ಕೊಂಡದ್ದು ಒಂದು. ಈ ಜೋಡಿಯೇ ಪುಟ್ ಸ್ಪ್ರೆಡ್.

ಒಂದು ಲೆಕ್ಕ ನೋಡೋಣ. ಷೇರಿನ ಬೆಲೆ 104 ಡಾಲರ್. 100 ಡಾಲರ್ ಸ್ಟ್ರೈಕ್‌ನ ಪುಟ್ ಮಾರಿದರೆ ಷೇರಿಗೆ 2.40 ಡಾಲರ್ ಬರುತ್ತದೆ. 95 ಡಾಲರ್ ಸ್ಟ್ರೈಕ್‌ನ ಪುಟ್ ಕೊಳ್ಳಲು 1.10 ಕೊಡಬೇಕು. ಕೈಗೆ ಬರುವುದು 1.30. ಅಮೆರಿಕದಲ್ಲಿ ಷೇರಿನ ಒಂದು ಆಪ್ಷನ್ ಎಂದರೆ 100 ಷೇರು, ಆದ್ದರಿಂದ ಒಂದು ಸ್ಪ್ರೆಡ್‌ಗೆ 130 ಡಾಲರ್. ಎಕ್ಸ್‌ಪೈರಿಯ ದಿನ ಷೇರು 100ಕ್ಕಿಂತ ಮೇಲಿದ್ದರೆ ಆ 130 ಉಳಿಯುತ್ತದೆ. ಷೇರು 95ಕ್ಕಿಂತ ಕೆಳಗಿಳಿದರೆ ಎರಡು ಸ್ಟ್ರೈಕ್‌ಗಳ ನಡುವಿನ ಅಂತರವಾದ 500 ಡಾಲರ್ ಹೋಗುತ್ತದೆ. ಅದರಲ್ಲಿ ಪಡೆದ 130 ಕಳೆದರೆ ಗರಿಷ್ಠ ನಷ್ಟ 370. ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವ ಬೆಲೆ 98.70. ಕಮಿಷನ್ ಬೇರೆ.

130 ಗಳಿಸಲು 370 ಒಡ್ಡುತ್ತಿದ್ದೇವೆ. ಸ್ಪ್ರೆಡ್‌ಗಳಲ್ಲಿ ಹತ್ತರಲ್ಲಿ ಏಳು ಸಲ ಗೆದ್ದರೂ ಕೈಗೆ ಏನೂ ಉಳಿಯದಿರಬಹುದು. ಏಳು ಸಲ ಪೂರ್ತಿ ಲಾಭ ಬಂದರೆ 910, ಮೂರು ಸಲ ಪೂರ್ತಿ ನಷ್ಟವಾದರೆ 1,110. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆಯಬಲ್ಲವರು ಅನುಮತಿ ಕೇಳಲು ಅರ್ಧ ಸಿದ್ಧರಾದಂತೆ.

'ಗರಿಷ್ಠ ನಷ್ಟ'ದಾಚೆಗೆ

ಉಳಿದ ಅರ್ಧ ಸಿದ್ಧತೆ ಅಸೈನ್‌ಮೆಂಟ್‌ಗೆ ಸಂಬಂಧಿಸಿದ್ದು. ಪುಟ್ ಕೊಂಡವರು ತಮ್ಮ ಹಕ್ಕು ಚಲಾಯಿಸಿದಾಗ, ಪುಟ್ ಮಾರಿದವರ ಮೇಲೆ ಷೇರು ಕೊಳ್ಳುವ ಹೊಣೆ ಬೀಳುವುದೇ ಅಸೈನ್‌ಮೆಂಟ್. ಅಮೆರಿಕದ ಷೇರುಗಳ ಆಪ್ಷನ್‌ಗಳಲ್ಲಿ ಇದು ಎಕ್ಸ್‌ಪೈರಿಗೆ ಮುಂಚೆಯೂ, ಯಾವುದೇ ದಿನವೂ ಆಗಬಹುದು.

ಖಾತೆಯಲ್ಲಿ 24,000 ಡಾಲರ್ ನಗದು ಇದೆ, ಮೇಲಿನ ಸ್ಪ್ರೆಡ್ ನಾಲ್ಕು ಇವೆ ಎಂದುಕೊಳ್ಳಿ. ಪ್ರೀಮಿಯಂ ಸೇರಿ ನಗದು 24,520 ಆಯಿತು. ಷೇರು 90ಕ್ಕೆ ಬಿತ್ತು, ಮಾರಿದ ನಾಲ್ಕೂ ಪುಟ್‌ಗಳು ಅಸೈನ್ ಆದವು. 400 ಷೇರುಗಳನ್ನು ತಲಾ 100 ಡಾಲರ್‌ಗೆ ಕೊಳ್ಳಲೇಬೇಕು, ಒಟ್ಟು 40,000. ಬೆಳಿಗ್ಗೆ ಎದ್ದು ಖಾತೆ ತೆರೆದರೆ ನಗದಿನ ಜಾಗದಲ್ಲಿ ಮೈನಸ್ 15,480 ಕಾಣುತ್ತದೆ. ಮಾರ್ಜಿನ್ ಕಾಲ್ ಕೂಡ ಬಂದಿರಬಹುದು. ನಷ್ಟ ಮಾತ್ರ ಅಷ್ಟಿಲ್ಲ. ಕೊಂಡಿಟ್ಟ ನಾಲ್ಕು ಪುಟ್‌ಗಳ ಹಕ್ಕು ಚಲಾಯಿಸಿ ಆ 400 ಷೇರುಗಳನ್ನು 95ರಂತೆ ಮಾರಿದರೆ 38,000 ಬರುತ್ತದೆ. 2,000 ಹೋಯಿತು, ಮೊದಲು ಪಡೆದದ್ದು 520, ಹಾಗಾಗಿ ನಷ್ಟ 1,480. ನಾಲ್ಕು ಸ್ಪ್ರೆಡ್‌ಗಳಿಗೆ ಮೊದಲೇ ಹಾಕಿದ್ದ ಲೆಕ್ಕವೂ ಇಷ್ಟೇ. ಪರದೆಯ ಮೇಲಿನ ಮೈನಸ್ ಭಯ ಹುಟ್ಟಿಸುತ್ತದೆ, ಆದರೆ ಅದು ಲೆಕ್ಕದ ಅರ್ಧ ಮಾತ್ರ. ಇನ್ನರ್ಧ, ಕೊಂಡ ಪುಟ್‌ನ ರೂಪದಲ್ಲಿ ಖಾತೆಯಲ್ಲೇ ಇದೆ.

ಇನ್ನೊಂದು ಸಂದರ್ಭದಲ್ಲಿ ಗರಿಷ್ಠ ನಷ್ಟ ಎಂಬ ಮಾತೇ ಸುಳ್ಳಾಗುತ್ತದೆ. ಎಕ್ಸ್‌ಪೈರಿಯ ಶುಕ್ರವಾರ ಷೇರು 97ರಲ್ಲಿ ಮುಗಿಯಿತು. ಮಾರಿದ 100ರ ಪುಟ್ ಅಸೈನ್ ಆಗುತ್ತದೆ. ಕೊಂಡ 95ರ ಪುಟ್‌ಗೆ ಬೆಲೆಯಿಲ್ಲ, ಅದು ಅಲ್ಲಿಗೇ ಮುಗಿಯುತ್ತದೆ. ಶನಿವಾರ, ಭಾನುವಾರ ಖಾತೆಯಲ್ಲಿ ಯಾವ ರಕ್ಷಣೆಯೂ ಇಲ್ಲದ 400 ಷೇರುಗಳು. ಸೋಮವಾರ ಕೆಟ್ಟ ಸುದ್ದಿ ಬಂದು ಷೇರು 88ಕ್ಕೆ ತೆರೆದರೆ ನಷ್ಟ 4,800, ಪ್ರೀಮಿಯಂ ಕಳೆದರೂ 4,280. ಕಾಗದದ ಮೇಲೆ 1,480 ಎಂದಿದ್ದ ಮಿತಿಯ ಸುಮಾರು ಮೂರು ಪಟ್ಟು. ಇದನ್ನು ತಪ್ಪಿಸುವ ದಾರಿ ಸರಳ. ಬೆಲೆ ಎರಡು ಸ್ಟ್ರೈಕ್‌ಗಳ ನಡುವೆ ಅಥವಾ ಅವುಗಳ ಹತ್ತಿರ ಸುಳಿಯುತ್ತಿದ್ದರೆ, ಎಕ್ಸ್‌ಪೈರಿಗೆ ಮೊದಲೇ ಸ್ಪ್ರೆಡ್‌ನ ಎರಡೂ ಕಾಲುಗಳನ್ನು ಒಂದೇ ಆರ್ಡರ್‌ನಲ್ಲಿ ಮುಚ್ಚಬೇಕು. ಕೊನೆಗಳಿಗೆಯ ಎಂಟತ್ತು ಡಾಲರ್ ಪ್ರೀಮಿಯಂ ಉಳಿಸಲು ಹೋದವರೇ ಈ ಬಲೆಗೆ ಬೀಳುವುದು.

ಪತ್ರ ಹೇಗಿರಬೇಕು

ಈಗ ಪತ್ರಕ್ಕೆ ಬರೋಣ. ಬರೆಯುತ್ತಿರುವವರು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ, 38 ವರ್ಷದ ಕನ್ನಡಿಗ ಮಹಿಳೆ ಎಂದು ಕಲ್ಪಿಸಿಕೊಳ್ಳಿ. ಪತ್ರ ಇಂಗ್ಲಿಷಿನಲ್ಲಿರುತ್ತದೆ, ಅದರ ತಿರುಳು ಕನ್ನಡದಲ್ಲಿ ಹೀಗೆ:

"ಮಾನ್ಯರೇ, ನನ್ನ ಮಾರ್ಜಿನ್ ಖಾತೆಯಲ್ಲಿ ಸ್ಪ್ರೆಡ್ ವಹಿವಾಟಿಗೆ ಅನುಮತಿ ಕೋರಿ ಈ ಪತ್ರ ಬರೆಯುತ್ತಿದ್ದೇನೆ. ರಕ್ಷಣೆಯಿಲ್ಲದೆ ಆಪ್ಷನ್ ಮಾರುವ ಅನುಮತಿಯನ್ನು ನಾನು ಕೇಳುತ್ತಿಲ್ಲ.

"ಒಂಬತ್ತು ವರ್ಷಗಳಿಂದ ಷೇರು ಮತ್ತು ಇಟಿಎಫ್‌ಗಳಲ್ಲಿ ಹೂಡಿಕೆ ಮಾಡಿದ್ದೇನೆ. ಎರಡೂವರೆ ವರ್ಷಗಳಿಂದ ಕವರ್ಡ್ ಕಾಲ್ ಮತ್ತು ಪೂರ್ತಿ ಹಣವಿಟ್ಟ ಪುಟ್‌ಗಳನ್ನು ಮಾರಿದ್ದೇನೆ. ಒಟ್ಟು 40ರಷ್ಟು ವಹಿವಾಟುಗಳು, ಬಹುತೇಕ ಒಂದು ಸಲಕ್ಕೆ ಒಂದೇ ಕಾಂಟ್ರಾಕ್ಟ್. ಎರಡು ಸಲ ಅಸೈನ್‌ಮೆಂಟ್ ಆಗಿ ಷೇರು ಪಡೆದಿದ್ದೇನೆ. ಇವೆಲ್ಲ ನಿಮ್ಮಲ್ಲಿರುವ ನನ್ನ ಖಾತೆಯ ದಾಖಲೆಯಲ್ಲೇ ಇವೆ. ನಿಜವಾದ ಹಣದಿಂದ ಸ್ಪ್ರೆಡ್ ಮಾಡಿಲ್ಲ. ಆರು ತಿಂಗಳಿಂದ ಅಭ್ಯಾಸದ ಖಾತೆಯಲ್ಲಿ ಮಾಡಿದ್ದೇನೆ.

"ನನ್ನ ನಿವೃತ್ತಿ ಉಳಿತಾಯ ಮತ್ತು ತುರ್ತು ನಿಧಿ ಈ ಖಾತೆಯಲ್ಲಿಲ್ಲ. ಈ ಖಾತೆಯ ಉದ್ದೇಶ ಬೆಳವಣಿಗೆ, ಅದರ ಒಂದು ಸಣ್ಣ ಭಾಗದಲ್ಲಿ ಮಾತ್ರ ವಹಿವಾಟಿನ ಲಾಭ. ಆ ಭಾಗದ ಹಣ ಪೂರ್ತಿ ಹೋಗಬಹುದೆಂದು ನನಗೆ ತಿಳಿದಿದೆ. ಖಾತೆಯಲ್ಲಿ 24,000 ಡಾಲರ್ ಇದೆ. ತೆರೆದಿರುವ ಎಲ್ಲ ಸ್ಪ್ರೆಡ್‌ಗಳ ಗರಿಷ್ಠ ನಷ್ಟ ಸೇರಿ ಯಾವ ಹೊತ್ತಿನಲ್ಲೂ 1,500 ಡಾಲರ್ ಮೀರದಂತೆ ನೋಡಿಕೊಳ್ಳುತ್ತೇನೆ.

"ಮಾರಿದ ಪುಟ್ ಅವಧಿಗೆ ಮುಂಚೆ ಅಸೈನ್ ಆದರೆ ಆ ಷೇರು ಮತ್ತು ಕೊಂಡ ಪುಟ್ ಎರಡನ್ನೂ ಅಂದೇ ಮುಚ್ಚುತ್ತೇನೆ ಅಥವಾ ಕೊಂಡ ಪುಟ್‌ನ ಹಕ್ಕು ಚಲಾಯಿಸುತ್ತೇನೆ. ಎಕ್ಸ್‌ಪೈರಿಯ ದಿನ ಮಧ್ಯಾಹ್ನದ ನಂತರ ಯಾವ ಸ್ಪ್ರೆಡ್ಡನ್ನೂ ತೆರೆದಿಡುವುದಿಲ್ಲ."

ಈ ಪತ್ರದಲ್ಲಿ ಹೆಚ್ಚು ತೂಕವಿರುವ ವಾಕ್ಯ 'ನಿಜವಾದ ಹಣದಿಂದ ಸ್ಪ್ರೆಡ್ ಮಾಡಿಲ್ಲ' ಎಂಬುದು. ಅದನ್ನು ಮುಚ್ಚಿಡಬೇಕೆಂದು ಅನೇಕರಿಗೆ ಅನಿಸುತ್ತದೆ. ಆದರೆ ಕೆಳಗಿನ ಹಂತದ ಅನುಮತಿಯಷ್ಟೇ ಇರುವ ಖಾತೆಯಲ್ಲಿ ಸ್ಪ್ರೆಡ್ ಅನುಭವ ಇಲ್ಲದಿರುವುದು ಸಹಜ. ಅಧಿಕಾರಿಗೂ ಅದು ಗೊತ್ತು. ಇಲ್ಲದ್ದನ್ನು ಇಲ್ಲ ಎಂದವರ ಮಾತಿನಲ್ಲಿ, ಇದೆ ಎಂದು ಬರೆದದ್ದಕ್ಕೂ ಬೆಲೆ ಬರುತ್ತದೆ. ಎರಡು ಅಸೈನ್‌ಮೆಂಟ್‌ಗಳ ಮಾತೂ ಹಾಗೆಯೇ ಮುಖ್ಯ. 400 ಷೇರುಗಳು ರಾತ್ರೋರಾತ್ರಿ ಖಾತೆಗೆ ಬಂದಾಗ ಏನಾಗುತ್ತದೆ ಎಂಬುದನ್ನು ಸಣ್ಣ ಪ್ರಮಾಣದಲ್ಲಿ ಆಕೆ ಈಗಾಗಲೇ ಕಂಡಿದ್ದಾರೆ ಎಂದು ಅದು ಹೇಳುತ್ತದೆ.

ಉದ್ದೇಶದ ವಾಕ್ಯವನ್ನೂ ಗಮನಿಸಿ. 'ತಿಂಗಳಿಗೆ ಇಷ್ಟು ಆದಾಯ ಬೇಕು' ಎಂದು ಅಲ್ಲಿಲ್ಲ. ಹಾಗೆ ಬರೆದರೆ, ಖರ್ಚಿಗೆ ಈ ಹಣವನ್ನೇ ನಂಬಿದ್ದಾರೆ, ನಷ್ಟವಾದಾಗ ಇನ್ನೂ ದೊಡ್ಡದಾಗಿ ಆಡುತ್ತಾರೆ ಎಂಬ ಅನುಮಾನ ಬರುತ್ತದೆ. ಅದರ ಬದಲು 1,500 ಎಂಬ ಒಂದು ಮಿತಿಯಿದೆ. ನಾಲ್ಕು ಸ್ಪ್ರೆಡ್‌ಗಳ 1,480 ಆ ಮಿತಿಯೊಳಗೆ ಬರುತ್ತದೆ, ಐದನೆಯದಕ್ಕೆ ಜಾಗವಿಲ್ಲ. ಪತ್ರ ಬರೆದವರು ಈ ಲೆಕ್ಕ ಹಾಕಿದ್ದಾರೆ ಎಂಬುದು ಓದಿದ ಕೂಡಲೇ ತಿಳಿಯುತ್ತದೆ.

ಸುಳ್ಳು ಬರೆದರೆ ಯಾರಿಗೆ ನಷ್ಟ

ಅನುಭವದ ವರ್ಷಗಳನ್ನು ಹಿಗ್ಗಿಸಿ, ಆಸ್ತಿಯನ್ನು ಹೆಚ್ಚಿಸಿ ಬರೆದರೆ ಅನುಮತಿ ಸಿಗುತ್ತದೆ ಎಂಬ ಸಲಹೆ ಗೆಳೆಯರ ನಡುವೆ ಓಡಾಡುತ್ತಿರುತ್ತದೆ. ಕೆಲವೊಮ್ಮೆ ಸಿಗಲೂಬಹುದು. ಆದರೆ ಈ ಪರಿಶೀಲನೆ ಇರುವುದೇ ಗ್ರಾಹಕರ ರಕ್ಷಣೆಗೆ. ಅನುಮತಿ ಕೊಟ್ಟ ಮೇಲೆ, ಗ್ರಾಹಕರು ಕೊಟ್ಟ ಮಾಹಿತಿ ಸರಿಯಿದೆಯೇ ಎಂದು ನೋಡಲು 15 ದಿನಗಳೊಳಗೆ ಅದನ್ನು ಅವರಿಗೇ ಕಳುಹಿಸಬೇಕು, ಸಹಿಯಾದ ಒಪ್ಪಂದವನ್ನೂ ಅಷ್ಟರಲ್ಲಿ ಪಡೆಯಬೇಕು ಎಂದು ನಿಯಮವಿದೆ. ಮುಂದೆ ದೊಡ್ಡ ನಷ್ಟವಾಗಿ, 'ನನಗೆ ಈ ಅನುಮತಿ ಕೊಡಲೇಬಾರದಿತ್ತು' ಎಂದು ಗ್ರಾಹಕರು ಪಂಚಾಯ್ತಿ ಮಂಡಳಿಯ ಮುಂದೆ ಹೋದರೆ, ಬ್ರೋಕರ್ ಕಡೆಯವರು ಮೊದಲು ಮೇಜಿನ ಮೇಲಿಡುವುದು ಆ ಸಹಿಯಿರುವ ಕಾಗದಗಳನ್ನೇ. ತನ್ನ ಕೈಯಿಂದ ಬರೆದ ಸುಳ್ಳು ತನ್ನ ದೂರಿಗೇ ಅಡ್ಡ ನಿಲ್ಲುತ್ತದೆ.

ಅನುಮತಿ ಸಿಗದಿದ್ದರೆ ಕಾರಣ ಕೇಳಿ. ಖಾತೆ ಇನ್ನೂ ಮಾರ್ಜಿನ್ ಖಾತೆಯಾಗಿಲ್ಲದಿರಬಹುದು ಅಥವಾ ಅದಕ್ಕೆ ಬೇಕಾದ ಕನಿಷ್ಠ 2,000 ಡಾಲರ್ ಅದರಲ್ಲಿ ಇಲ್ಲದಿರಬಹುದು. ಅವು ಬೇಗ ಸರಿಹೋಗುತ್ತವೆ. ಅನುಭವ ಸಾಲದು ಎಂಬುದೇ ಕಾರಣವಾದರೆ ಕೆಳಗಿನ ಹಂತದಲ್ಲೇ ಕೆಲವು ತಿಂಗಳು ವಹಿವಾಟು ಮಾಡಿ, ಆ ದಾಖಲೆಯೊಂದಿಗೆ ಮತ್ತೆ ಬರೆಯುವುದೇ ಸರಿಯಾದ ದಾರಿ.

ಕರ್ನಾಟಕದಲ್ಲಿ ಕುಳಿತವರಿಗೆ

ಊರಿನಿಂದಲೇ ಅಮೆರಿಕದ ಷೇರು ಕೊಳ್ಳುವವರೂ ಈಗ ಇದ್ದಾರೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಆದರೆ ವಿದೇಶಿ ಮಾರುಕಟ್ಟೆಯ ಮಾರ್ಜಿನ್‌ಗಾಗಿ ಅಥವಾ ಮಾರ್ಜಿನ್ ಕಾಲ್ ತುಂಬಲು ಆ ಹಣ ಕಳುಹಿಸುವುದನ್ನು ಯೋಜನೆ ನಿಷೇಧಿಸುತ್ತದೆ. ಮಾರ್ಜಿನ್ ಖಾತೆಯನ್ನೇ ಬೇಡುವ ಸ್ಪ್ರೆಡ್‌ಗೆ ಭಾರತದ ನಿವಾಸಿಗಳು ಇಂಥ ಪತ್ರ ಬರೆಯುವ ಪ್ರಶ್ನೆಯೇ ಇಲ್ಲಿ ಮುಗಿಯುತ್ತದೆ.

ಭಾರತದ ಮಾರುಕಟ್ಟೆಯಲ್ಲಿ ಸ್ಪ್ರೆಡ್‌ಗೆ ಇಂಥ ಏಣಿ ಇಲ್ಲ. ಆದಾಯದ ಪುರಾವೆ ಕೊಟ್ಟು ಎಫ್ ಅಂಡ್ ಒ ವಿಭಾಗ ತೆರೆಸಿಕೊಂಡರೆ ಆಪ್ಷನ್ ಕೊಳ್ಳುವುದು, ಮಾರುವುದು, ಸ್ಪ್ರೆಡ್ ಎಲ್ಲಕ್ಕೂ ಒಂದೇ ಬಾಗಿಲು. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಈ ವಿಭಾಗದಲ್ಲಿ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ನಷ್ಟ ಅನುಭವಿಸಿದ್ದರು. ಇಲ್ಲಿ ಯಾರೂ ಪತ್ರ ಕೇಳುವುದಿಲ್ಲ. ಹಾಗೆಂದೇ ಆ ಪತ್ರವನ್ನು ತಮಗೆ ತಾವೇ ಬರೆದುಕೊಳ್ಳುವುದು ಇಲ್ಲಿನವರಿಗೆ ಇನ್ನೂ ಅಗತ್ಯ: ಯಾವ ಬಗೆಯ ವಹಿವಾಟು, ಈವರೆಗೆ ಮಾಡಿದ್ದೇನು, ಒಟ್ಟು ನಷ್ಟದ ಮಿತಿ ಎಷ್ಟು, ಎಕ್ಸ್‌ಪೈರಿಯ ದಿನ ಏನು ಮಾಡುತ್ತೇನೆ. ಷೇರುಗಳ ಆಪ್ಷನ್‌ಗಳು ಇಲ್ಲಿಯೂ ಎಕ್ಸ್‌ಪೈರಿಯಲ್ಲಿ ಷೇರು ಕೊಟ್ಟು ಪಡೆಯುವ ಮೂಲಕವೇ ಇತ್ಯರ್ಥವಾಗುತ್ತವೆ, ಆದ್ದರಿಂದ ಕೊನೆಯ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ.

ಅನುಮತಿ ಸಿಕ್ಕ ಮೇಲೆ

ಅನುಮತಿ ಎಂದರೆ ಸಲಹೆಯಲ್ಲ. ಈ ಷೇರಿನಲ್ಲಿ, ಈ ಬೆಲೆಗೆ ಸ್ಪ್ರೆಡ್ ಮಾಡಿ ಎಂದು ಬ್ರೋಕರ್ ಹೇಳಿದಂತಾಗಲಿಲ್ಲ. ಪತ್ರದಲ್ಲಿ ಬರೆದ ಪರಿಸ್ಥಿತಿಯೂ ಬದಲಾಗುತ್ತದೆ. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಹೊಸ ದಾರಿ ಹುಡುಕಲು ಸಾಮಾನ್ಯವಾಗಿ ಗರಿಷ್ಠ 60 ದಿನಗಳ ಕಾಲಾವಕಾಶ ಇರುತ್ತದೆ. ನಿನ್ನೆಯವರೆಗೆ 'ಹೋದರೂ ಪರವಾಗಿಲ್ಲ' ಎನಿಸಿದ್ದ ಹಣ ಆ ದಿನಗಳಲ್ಲಿ ಬಾಡಿಗೆಯ ಹಣವಾಗುತ್ತದೆ. ಆಗ ತೆರೆದಿರುವ ಸ್ಪ್ರೆಡ್‌ಗಳನ್ನು ಮುಚ್ಚಿ, ಉದ್ಯೋಗ ಮತ್ತು ಆದಾಯದ ಬದಲಾವಣೆಯನ್ನು ಬ್ರೋಕರ್‌ಗೆ ತಿಳಿಸಬೇಕು. ಪತ್ರದ ಪ್ರತಿಯೊಂದನ್ನು ಇಟ್ಟುಕೊಂಡು ವರ್ಷಕ್ಕೊಮ್ಮೆಯಾದರೂ ತೆಗೆದು ಓದಿ. ಅಲ್ಲಿ ಬರೆದ ಮಿತಿಗಿಂತ ಹೆಚ್ಚು ಸ್ಪ್ರೆಡ್‌ಗಳು ಖಾತೆಯಲ್ಲಿದ್ದರೆ, ಕಡಿಮೆ ಮಾಡಬೇಕಾದದ್ದು ಸ್ಪ್ರೆಡ್‌ಗಳನ್ನು. ಮಿತಿಯನ್ನು ಮೇಲಕ್ಕೆ ತಿದ್ದಬೇಕೆನಿಸಿದರೆ, ಮೊದಲ ಪತ್ರದಷ್ಟೇ ಪ್ರಾಮಾಣಿಕವಾಗಿ ಎರಡನೆಯ ಪತ್ರವೊಂದನ್ನು ಬರೆಯಲು ಕುಳಿತುಕೊಳ್ಳಿ. ಅದಕ್ಕೆ ಬೇಕಾದ ಆದಾಯ, ಉಳಿತಾಯ, ಅನುಭವ ಮೂರೂ ಬೆಳೆದಿವೆಯೇ ಎಂಬುದು ಬರೆಯುವಾಗಲೇ ತಿಳಿಯುತ್ತದೆ.